ಪಿತೃತ್ವ ರಜೆ ಕೇಳುವುದು ಹೇಗೆ: ಹುಟ್ಟುವ ದಿನ ಗೊತ್ತಿಲ್ಲದಾಗ ದಿನಾಂಕ, ಬದಲಿ ವ್ಯವಸ್ಥೆ, ಸಂಪರ್ಕ ಎಲ್ಲ ಬರೆದುಕೊಡುವ ಸಮಗ್ರ ಮಾರ್ಗದರ್ಶಿ

"ಸರ್, ನನ್ನ ಹೆಂಡತಿಯ ಡ್ಯೂ ಡೇಟ್ ಸೆಪ್ಟೆಂಬರ್ 16. ಆ ದಿನದಿಂದ 15 ದಿನ ಪಿತೃತ್ವ ರಜೆ ಬೇಕು. ತುರ್ತು ಇದ್ದರೆ ಫೋನಿನಲ್ಲಿ ಸಿಗುತ್ತೇನೆ."

ಹೆಚ್ಚಿನವರ ಅರ್ಜಿ ಹೀಗೇ ಇರುತ್ತದೆ. ಓದಲು ಸರಿಯಾಗಿಯೇ ಇದೆ. ಆದರೆ ಇದರ ಮೂರೂ ವಾಕ್ಯಗಳು ಮುಂದೆ ತೊಂದರೆ ಕೊಡುತ್ತವೆ. ಮಗು ಸೆಪ್ಟೆಂಬರ್ 3ಕ್ಕೆ ಹುಟ್ಟಿದರೆ ಮಂಜೂರಾದ ರಜೆಯ ದಿನಾಂಕ ಕೆಲಸಕ್ಕೆ ಬರುವುದಿಲ್ಲ. ನಿಮ್ಮ ಕೆಲಸ ಯಾರು ಮಾಡಬೇಕು ಅನ್ನುವುದು ಅರ್ಜಿಯಲ್ಲಿ ಇಲ್ಲವೇ ಇಲ್ಲ. "ಫೋನಿನಲ್ಲಿ ಸಿಗುತ್ತೇನೆ" ಅಂದಿದ್ದಕ್ಕೆ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಫೈಲ್ ಎಲ್ಲಿದೆ ಅಂತ ಹೇಳುವ ಪರಿಸ್ಥಿತಿ ಬರುತ್ತದೆ.

ಬೇರೆ ರಜೆಗೂ ಇದಕ್ಕೂ ಇರುವ ವ್ಯತ್ಯಾಸ ಒಂದೇ. ಈ ರಜೆ ಯಾವತ್ತು ಶುರುವಾಗುತ್ತದೆ ಅಂತ ಕೇಳುವವರಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ಹಾಗಾಗಿ ಅರ್ಜಿಯನ್ನು ಒಂದು ತಾರೀಖಿನ ಮೇಲೆ ನಿಲ್ಲಿಸಬಾರದು. ಯಾವ ದಿನ ಮಗು ಹುಟ್ಟಿದರೂ ನಡೆಯುವಂತೆ ಬರೆಯಬೇಕು. ಕೆಳಗಿನ ಹಂತಗಳು ಅದಕ್ಕಾಗಿಯೇ ಇವೆ. ಕ್ರಮ ತಪ್ಪಿಸಬೇಡಿ. ಹೆಚ್ಚಿನ ಎಡವಟ್ಟು ಆಗುವುದು ಹಂತ ಬಿಟ್ಟಿದ್ದರಿಂದ ಅಲ್ಲ, ಹಿಂದುಮುಂದು ಮಾಡಿದ್ದರಿಂದ.

ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಒಂದು ಕಂಪನಿಯ ಅಕೌಂಟ್ಸ್ ವಿಭಾಗದ ಉದ್ಯೋಗಿ. ವಾರಕ್ಕೆ ಐದು ದಿನ ಕೆಲಸ. ಡ್ಯೂ ಡೇಟ್ 2026ರ ಸೆಪ್ಟೆಂಬರ್ 16, ಬುಧವಾರ. ಕಂಪನಿ ಕೊಡುವ ಪಿತೃತ್ವ ರಜೆ 15 ಕೆಲಸದ ದಿನ. ಅವರ ಮುಖ್ಯ ಕೆಲಸ ಎರಡು: ಪ್ರತಿ ಗುರುವಾರ ವೆಂಡರ್‌ಗಳಿಗೆ ಹಣ ಪಾವತಿ, ಮತ್ತು ತಿಂಗಳ ಕೊನೆಯ ಲೆಕ್ಕ ಮುಗಿಸುವ ಕ್ಲೋಸಿಂಗ್. ಕ್ಲೋಸಿಂಗ್ ತಿಂಗಳ ಕೊನೆಯ ಮೂರು ಕೆಲಸದ ದಿನ ಮತ್ತು ಮುಂದಿನ ತಿಂಗಳ ಮೊದಲ ಐದು ಕೆಲಸದ ದಿನ ನಡೆಯುತ್ತದೆ.

## ಕೈಯಲ್ಲಿ ಏನೇನು ಇರಬೇಕು

ಜಾಸ್ತಿ ಏನೂ ಬೇಡ. ಕಂಪನಿಯ ರಜೆ ನಿಯಮ, ಡ್ಯೂ ಡೇಟ್ ಬರೆದಿರುವ ವೈದ್ಯರ ಚೀಟಿ ಅಥವಾ ಸ್ಕ್ಯಾನ್ ವರದಿ, ತಂಡದ ರಜೆ ಕ್ಯಾಲೆಂಡರ್, ಒಂದು ಖಾಲಿ ಶೀಟ್. ವೈದ್ಯರ ಚೀಟಿ ನಿಮ್ಮ ಹತ್ತಿರವೇ ಇರಲಿ. ಎಚ್‌ಆರ್ ಕೇಳಿದರೆ ಅವರಿಗೆ ಮಾತ್ರ ಕೊಡಿ. ಸ್ಕ್ಯಾನ್ ವರದಿಯಲ್ಲಿ ನಿಮ್ಮ ಹೆಂಡತಿಯ ಆರೋಗ್ಯದ ವಿವರ ಇರುತ್ತದೆ, ಅದು ಮ್ಯಾನೇಜರ್ ಇನ್‌ಬಾಕ್ಸಿಗೆ ಹೋಗಬೇಕಾದ ವಿಷಯವಲ್ಲ.

## ಹಂತ 1: ನಿಯಮವನ್ನು ಐದು ಪ್ರಶ್ನೆ ಇಟ್ಟುಕೊಂಡು ಓದಿ

"15 ದಿನ ಇದೆಯಂತೆ" ಅಂತ ಪಕ್ಕದವರು ಹೇಳಿದ್ದನ್ನು ನಂಬಿ ಹೊರಡಬೇಡಿ. ನಿಯಮದ ಪುಟ ತೆಗೆದು ಈ ಐದಕ್ಕೆ ಉತ್ತರ ಹುಡುಕಿ.

1. ನಾನು ಅರ್ಹನೇ? ಕೆಲವು ಕಡೆ ಇಷ್ಟು ತಿಂಗಳ ಸೇವೆ ಆಗಿರಬೇಕು ಅಂತ ಇರುತ್ತದೆ. ಇಷ್ಟು ಮಕ್ಕಳವರೆಗೆ ಮಾತ್ರ ಅಂತಲೂ ಇರಬಹುದು.
2. ದಿನಗಳನ್ನು ಹೇಗೆ ಎಣಿಸುತ್ತಾರೆ? ಶನಿವಾರ ಭಾನುವಾರ ಸೇರುತ್ತವೆಯೇ, ಇಲ್ಲವೇ?
3. ಯಾವಾಗಿನಿಂದ ಯಾವಾಗಿನವರೆಗೆ ಬಳಸಬಹುದು?
4. ಒಟ್ಟಿಗೇ ತೆಗೆದುಕೊಳ್ಳಬೇಕೇ, ಎರಡು ಭಾಗ ಮಾಡಬಹುದೇ?
5. ಎಷ್ಟು ಮುಂಚೆ ತಿಳಿಸಬೇಕು, ಯಾವ ದಾಖಲೆ ಕೊಡಬೇಕು?

ಎರಡನೇ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮ ಉದಾಹರಣೆಯಲ್ಲಿ ಸೆಪ್ಟೆಂಬರ್ 16ಕ್ಕೆ ರಜೆ ಶುರುವಾಯಿತು ಅಂದುಕೊಳ್ಳಿ. 15 ದಿನಗಳನ್ನು ಕ್ಯಾಲೆಂಡರ್ ಪ್ರಕಾರ ಎಣಿಸಿದರೆ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ, ಅಕ್ಟೋಬರ್ 1ಕ್ಕೆ ಆಫೀಸಿನಲ್ಲಿ ಇರಬೇಕು. ಕೆಲಸದ ದಿನ ಎಣಿಸಿದರೆ ಅಕ್ಟೋಬರ್ 6ಕ್ಕೆ ಮುಗಿಯುತ್ತದೆ, 7ಕ್ಕೆ ಬಂದರೆ ಸಾಕು. ಒಂದೇ "15 ದಿನ", ಆದರೆ ಮನೆಯಲ್ಲಿ ಸುಮಾರು ಒಂದು ವಾರದ ವ್ಯತ್ಯಾಸ. ನಡುವೆ ಸರ್ಕಾರಿ ರಜೆ ಬಂದರೆ ಅದನ್ನೂ ಹೇಗೆ ಎಣಿಸುತ್ತಾರೆ ಅಂತ ಕೇಳಿಕೊಳ್ಳಿ.

ಮೂರನೇ ಪ್ರಶ್ನೆಯ ಉತ್ತರ ಊರಿಂದೂರಿಗೆ ಬದಲಾಗುತ್ತದೆ. ಭಾರತದ ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಇದೆ, ಹೆರಿಗೆಗೆ 15 ದಿನ ಮುಂಚಿನಿಂದ ಹೆರಿಗೆಯಾದ ಆರು ತಿಂಗಳೊಳಗೆ ಬಳಸದಿದ್ದರೆ ಕಳೆದುಹೋಗುತ್ತದೆ. ಬ್ರಿಟನ್ನಿನಲ್ಲಿ ಎರಡು ವಾರದವರೆಗೆ ಇದೆ, ಹುಟ್ಟಿದ ಮೊದಲ 52 ವಾರದೊಳಗೆ ತೆಗೆದುಕೊಳ್ಳಬಹುದು. ನಿಮ್ಮ ಕಂಪನಿ ಯಾವುದೇ ಇರಲಿ, ಈ ಗಡುವು ಗೊತ್ತಿಲ್ಲದೆ "ಉಳಿದದ್ದು ಆಮೇಲೆ ತಗೋತೀನಿ" ಅಂತ ಒಪ್ಪಿಕೊಂಡರೆ ಆ ದಿನಗಳು ಕೈತಪ್ಪಬಹುದು.

ನಿಯಮದಲ್ಲಿ ಉತ್ತರ ಸಿಗದಿದ್ದರೆ ಎಚ್‌ಆರ್‌ಗೆ ಬರೆದೇ ಕೇಳಿ. ಬಾಯಿಮಾತಿನ ಉತ್ತರ ನಾಲ್ಕು ತಿಂಗಳ ನಂತರ ಯಾರಿಗೂ ನೆನಪಿರುವುದಿಲ್ಲ.

## ಹಂತ 2: ಒಂದು ತಾರೀಖಿನ ಬದಲು ಅವಧಿ ಹಾಕಿ

ಡ್ಯೂ ಡೇಟ್ ಒಂದು ಅಂದಾಜು. ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ, ಅಂದರೆ 40 ವಾರ ಎಣಿಸಿ ಹಾಕುತ್ತಾರೆ. ಮೊದಲ ತಿಂಗಳುಗಳ ಸ್ಕ್ಯಾನ್ ನೋಡಿ ತಿದ್ದುವುದೂ ಉಂಟು. ಸರಿಯಾಗಿ ಆ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ಐದರಷ್ಟು ಮಾತ್ರ. 37 ವಾರದಿಂದ 42 ವಾರದ ನಡುವೆ ಯಾವಾಗ ಹುಟ್ಟಿದರೂ ಸಹಜ ಅಂತಲೇ ಲೆಕ್ಕ.

ಹಾಗಾಗಿ ಡ್ಯೂ ಡೇಟಿನಿಂದ ಮೂರು ವಾರ ಹಿಂದಕ್ಕೆ, ಎರಡು ವಾರ ಮುಂದಕ್ಕೆ ಗುರುತು ಹಾಕಿ. ನಮ್ಮ ಉದಾಹರಣೆಯಲ್ಲಿ ಆಗಸ್ಟ್ 26ರಿಂದ ಸೆಪ್ಟೆಂಬರ್ 30. ಈ ಐದು ವಾರದಲ್ಲಿ ಯಾವತ್ತು ಬೇಕಾದರೂ ನೀವು ಆಫೀಸಿನಿಂದ ಎದ್ದು ಹೋಗಬಹುದು. ಸಿಸೇರಿಯನ್‌ಗೆ ದಿನ ಗೊತ್ತುಮಾಡಿದ್ದರೂ ಈ ಅವಧಿ ಅಳಿಸಬೇಡಿ. ಗೊತ್ತುಮಾಡಿದ ದಿನಕ್ಕಿಂತ ಮುಂಚೆ ನೋವು ಬರುವುದಿದೆ. ಅವಳಿ ಮಕ್ಕಳಾದರೆ ಅವಧಿ ಇನ್ನೂ ಹಿಂದಕ್ಕೆ ಹೋಗುತ್ತದೆ, ಎಷ್ಟು ಅಂತ ವೈದ್ಯರನ್ನೇ ಕೇಳಿ.

ಈಗ ಒಟ್ಟು ದಿನಗಳನ್ನು ಭಾಗ ಮಾಡಿ. ನಿಯಮ ಬಿಡುವುದಾದರೆ ಎರಡು ಭಾಗ ಮಾಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಮೊದಲ ವಾರಗಳಲ್ಲಿ ಮನೆಗೆ ಸಹಾಯಕ್ಕೆ ಯಾರಾದರೂ ಬಂದಿರುತ್ತಾರೆ. ಅವರು ಹೊರಟ ಮೇಲೆ ತಾಯಿ ಮಗು ಇಬ್ಬರೇ ಉಳಿಯುತ್ತಾರೆ, ಆಗ ನೀವು ನಿಜವಾಗಿ ಬೇಕಾಗುತ್ತೀರಿ. ನಮ್ಮ ಉದ್ಯೋಗಿ 10 ದಿನ ಹುಟ್ಟಿದ ಕೂಡಲೇ, 5 ದಿನ ನಂತರ ಅಂತ ಇಟ್ಟುಕೊಂಡರು. ಮೊದಲ ಭಾಗವನ್ನು ಮೂರು ರೀತಿ ಹಾಕಿ ನೋಡಿದರು.

- ಬೇಗ ಆದರೆ: ಆಗಸ್ಟ್ 31, ಸೋಮವಾರ ಹುಟ್ಟಿದರೆ ಸೆಪ್ಟೆಂಬರ್ 11ರವರೆಗೆ ರಜೆ, 14ಕ್ಕೆ ವಾಪಸ್.
- ಹೇಳಿದ ದಿನವೇ ಆದರೆ: ಸೆಪ್ಟೆಂಬರ್ 16ರಿಂದ 29ರವರೆಗೆ ರಜೆ, 30ಕ್ಕೆ ವಾಪಸ್.
- ತಡವಾದರೆ: ಸೆಪ್ಟೆಂಬರ್ 28, ಸೋಮವಾರ ಹುಟ್ಟಿದರೆ ಅಕ್ಟೋಬರ್ 9ರವರೆಗೆ ರಜೆ, 12ಕ್ಕೆ ವಾಪಸ್.

ಇಲ್ಲಿಯೇ ಅಸಲು ವಿಷಯ ಹೊರಬಿತ್ತು. ಡ್ಯೂ ಡೇಟ್ ಮಾತ್ರ ನೋಡಿದಾಗ, ತಿಂಗಳ ಮಧ್ಯ ತಾನೇ, ಎರಡು ದಿನ ಬಿಟ್ಟರೆ ಕ್ಲೋಸಿಂಗ್‌ಗೆ ತೊಂದರೆಯೇ ಇಲ್ಲ ಅನ್ನಿಸಿತ್ತು. ಬೇಗ ಆದರೆ ಆಗಸ್ಟ್ ತಿಂಗಳ ಕ್ಲೋಸಿಂಗ್‌ನ ಹೆಚ್ಚಿನ ಭಾಗ ತಪ್ಪುತ್ತದೆ, ತಡವಾದರೆ ಸೆಪ್ಟೆಂಬರ್ ತಿಂಗಳದ್ದು ಪೂರ್ತಿ ತಪ್ಪುತ್ತದೆ. ಎರಡರಲ್ಲಿ ಒಂದಕ್ಕೆ ಇವರು ಇಲ್ಲದಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ಬದಲಿ ವ್ಯವಸ್ಥೆ ಸೆಪ್ಟೆಂಬರ್ 16ಕ್ಕಲ್ಲ, ಆಗಸ್ಟ್ 26ಕ್ಕೇ ತಯಾರಿರಬೇಕು.

ಇನ್ನೊಂದು ಸಣ್ಣ ವಿಷಯ ಈಗಲೇ ಕೇಳಿಟ್ಟುಕೊಳ್ಳಿ. ಮಧ್ಯಾಹ್ನ ಎರಡು ಗಂಟೆಗೆ ಕೆಲಸ ಬಿಟ್ಟು ಆಸ್ಪತ್ರೆಗೆ ಓಡಿದರೆ ಆ ದಿನ ಯಾವ ಲೆಕ್ಕಕ್ಕೆ? ನೋವು ಒಂದು ದಿನ ಶುರುವಾಗಿ ಮಗು ಮಾರನೇ ದಿನ ಹುಟ್ಟಿದರೆ? ಪಿತೃತ್ವ ರಜೆ ಹುಟ್ಟಿದ ದಿನದಿಂದಲೇ ಅಂತ ನಿಯಮ ಇದ್ದರೆ ಆ ಮೊದಲ ದಿನಕ್ಕೆ ಬೇರೆ ರಜೆ ಹಾಕಬೇಕಾಗುತ್ತದೆ.

## ಹಂತ 3: ಮ್ಯಾನೇಜರ್‌ಗೆ ಮೊದಲು ಬಾಯಲ್ಲಿ ಹೇಳಿ

ಈಮೇಲ್ ಕಳಿಸುವ ಮುಂಚೆ ಒಮ್ಮೆ ಎದುರು ಕೂತು ಮಾತಾಡಿ. ಸಹೋದ್ಯೋಗಿಯನ್ನು "ನನ್ನ ಕೆಲಸ ನೋಡ್ಕೋತೀರಾ" ಅಂತ ಕೇಳುವ ಮುಂಚೆಯೂ ಇದು ಆಗಬೇಕು. ಕೆಲಸ ಹಂಚುವ ಅಧಿಕಾರ ಮ್ಯಾನೇಜರ್‌ದು. ಅವರಿಗೆ ಗೊತ್ತಾಗುವ ಮೊದಲೇ ನೀವು ಹಂಚಿಬಿಟ್ಟರೆ ಒಳ್ಳೆಯ ಯೋಜನೆಯೂ ಅವರಿಗೆ ಹಿಡಿಸುವುದಿಲ್ಲ. ವಿಷಯ ಇನ್ನೊಬ್ಬರ ಬಾಯಿಂದ ಅವರ ಕಿವಿಗೆ ಬಿದ್ದರೆ ಇನ್ನೂ ಕಷ್ಟ.

ಯಾವಾಗ? ಇಬ್ಬರೂ ಮನೆಯಲ್ಲಿ ಮಾತಾಡಿಕೊಂಡ ಮೇಲೆ, 20ನೇ ವಾರದ ಆಸುಪಾಸು ಸರಿಯಾದ ಸಮಯ. ನಮ್ಮ ಉದಾಹರಣೆಯಲ್ಲಿ ಅದು ಏಪ್ರಿಲ್ ಕೊನೆ. ನಿಯಮ ಇನ್ನೂ ಮುಂಚೆ ತಿಳಿಸಬೇಕು ಅಂದರೆ ನಿಯಮದಂತೆ ನಡೆಯಿರಿ. 30 ನಿಮಿಷದ ಸಮಯ ಕೇಳಿ ತೆಗೆದುಕೊಳ್ಳಿ. ಬೇರೆ ಮೀಟಿಂಗ್ ಮುಗಿದ ಮೇಲೆ ಬಾಗಿಲ ಬಳಿ ನಿಂತು ಹೇಳುವ ವಿಷಯ ಇದಲ್ಲ.

ಮಾತು ಹೀಗೆ ಶುರುವಾಗಬಹುದು: "ಮೇಡಂ, ಸೆಪ್ಟೆಂಬರ್‌ನಲ್ಲಿ ನಮಗೆ ಮಗು ಆಗುತ್ತೆ. ಪಿತೃತ್ವ ರಜೆ ತಗೋಬೇಕು ಅಂತಿದ್ದೀನಿ. ಆಗಸ್ಟ್ 26ರಿಂದ ಸೆಪ್ಟೆಂಬರ್ 30ರ ಒಳಗೆ ಯಾವತ್ತು ಬೇಕಾದ್ರೂ ಶುರು ಆಗಬಹುದು. ಈ ಅವಧಿಲಿ ಎರಡು ಕ್ಲೋಸಿಂಗ್ ಬರುತ್ತೆ. ಅದಕ್ಕೆ ಒಂದು ಯೋಜನೆ ಯೋಚಿಸಿದ್ದೀನಿ, ನೀವು ನೋಡಿ ಹೇಳಿದ್ರೆ ಆಮೇಲೆ ಮೇಲ್ ಹಾಕ್ತೀನಿ."

ಇದರಲ್ಲಿ "ರಜೆ ಸಿಗುತ್ತಾ?" ಅನ್ನುವ ಪ್ರಶ್ನೆ ಇಲ್ಲ ಅನ್ನುವುದನ್ನು ಗಮನಿಸಿ. ನಿಯಮದಲ್ಲಿ ಇರುವ ರಜೆಯನ್ನು ಉಪಕಾರದಂತೆ ಕೇಳಬೇಕಿಲ್ಲ. ಕೆಲಸ ಹೇಗೆ ನಡೆಯಬೇಕು ಅನ್ನುವುದಷ್ಟೇ ಚರ್ಚೆಯ ವಿಷಯ.

ಮ್ಯಾನೇಜರ್ ಕಡೆಯಿಂದ ಸಾಮಾನ್ಯವಾಗಿ ಬರುವ ಎರಡು ಮಾತಿಗೆ ತಯಾರಿರಿ.

"ಇನ್ನೂ ಟೈಮ್ ಇದೆಯಲ್ಲ, ಹತ್ತಿರ ಬಂದಾಗ ನೋಡೋಣ" ಅಂದರೆ ಅದು ಮೊದಲ ಎಚ್ಚರಿಕೆಯ ಸೂಚನೆ. ಅವರು ಬೇಡ ಅನ್ನುತ್ತಿಲ್ಲ, ಆದರೆ ತಯಾರಿಯ ಸಮಯ ಕೈತಪ್ಪುತ್ತಿದೆ. ಆಗ ತಾರೀಖು ತೋರಿಸಿ: "ಬದಲಿಗೆ ಬರುವವರು ಒಂದು ಕ್ಲೋಸಿಂಗ್ ಆದ್ರೂ ನನ್ನ ಜೊತೆ ಮಾಡಬೇಕು. ಅದಕ್ಕೆ ಕೊನೇ ಅವಕಾಶ ಜುಲೈ ತಿಂಗಳ ಕ್ಲೋಸಿಂಗ್. ಅದಕ್ಕೇ ಜೂನ್ ಒಳಗೆ ಹೆಸರು ಗೊತ್ತಾದ್ರೆ ಒಳ್ಳೇದು."

"ಮನೆಯಿಂದಲೇ ಕೆಲಸ ಮಾಡಿಬಿಡಿ" ಅಂದರೆ, ಮರ್ಯಾದೆಯಿಂದಲೇ ಬೇರ್ಪಡಿಸಿ ಹೇಳಿ. ಮನೆಯಿಂದ ಮಾಡುವ ಕೆಲಸವೂ ಕೆಲಸವೇ, ರಜೆ ಅಲ್ಲ. "ರಜೆ ಮುಗಿದ ಮೇಲೆ ಒಂದು ವಾರ ಮನೆಯಿಂದ ಕೆಲಸ ಮಾಡೋಕೆ ಆದ್ರೆ ಸಹಾಯ ಆಗುತ್ತೆ. ಆದ್ರೆ ಈ ಹತ್ತು ದಿನ ರಜೆಯಾಗಿಯೇ ಇರಲಿ" ಅಂದರೆ ಸಾಕು. ಅಲ್ಲಿ ಒಪ್ಪಿಬಿಟ್ಟರೆ ನಿಮ್ಮ ಹೆಸರಿನಲ್ಲಿ ರಜೆಯೂ ಕಳೆಯುತ್ತದೆ, ಕೆಲಸವೂ ಉಳಿಯುತ್ತದೆ.

## ಹಂತ 4: ಬದಲಿ ವ್ಯವಸ್ಥೆ

ಇಡೀ ಅರ್ಜಿಯ ಗಟ್ಟಿತನ ಇರುವುದು ಇಲ್ಲಿ. ಮ್ಯಾನೇಜರ್‌ಗಳು ಹೆದರುವುದು ರಜೆಗಲ್ಲ, ನಿಂತುಹೋಗುವ ಕೆಲಸಕ್ಕೆ.

ಪಟ್ಟಿ ಮಾಡಿ. ಕಳೆದ ಎರಡು ತಿಂಗಳ ಕ್ಯಾಲೆಂಡರ್ ಮತ್ತು ಕಳಿಸಿದ ಈಮೇಲ್ ತೆರೆದು ನೋಡಿ. ನೆನಪಿನಿಂದ ಬರೆದರೆ ದೊಡ್ಡ ಕೆಲಸ ಮಾತ್ರ ಬರುತ್ತದೆ. ಪ್ರತಿ ಸೋಮವಾರ ಯಾರಿಗೋ ಕಳಿಸುವ ಸಣ್ಣ ವರದಿ ಬಿಟ್ಟುಹೋಗುತ್ತದೆ, ಮತ್ತೆ ಫೋನ್ ಬರುವುದು ಅದಕ್ಕೇ. ಪ್ರತಿ ಕೆಲಸದ ಮುಂದೆ ಇದು ಯಾವ ದಿನ ಬರುತ್ತದೆ, ತಪ್ಪಿದರೆ ಏನಾಗುತ್ತದೆ ಅಂತ ಬರೆಯಿರಿ.

ಮೂರು ಗುಂಪು ಮಾಡಿ. ಯಾರಾದರೂ ಮಾಡಲೇಬೇಕಾದ್ದು, ಮುಂಚೆಯೇ ಮುಗಿಸಬಹುದಾದ್ದು, ನೀವು ಬರುವವರೆಗೆ ಕಾಯಬಹುದಾದ್ದು. ನಮ್ಮ ಉದ್ಯೋಗಿಯ ಪಟ್ಟಿಯಲ್ಲಿ ಗುರುವಾರದ ಪಾವತಿ ಮತ್ತು ಕ್ಲೋಸಿಂಗ್ ಮೊದಲ ಗುಂಪಿಗೆ ಬಂದವು. ವೆಂಡರ್‌ಗಳ ಹಳೇ ಬಾಕಿ ತಾಳೆ ನೋಡುವುದು ಆಗಸ್ಟ್ 21ರ ಒಳಗೆ ಮುಗಿಯುವಂತಿತ್ತು. ಹೊಸ ವರದಿಯ ಮಾದರಿ ತಯಾರಿಸುವ ಕೆಲಸ ಅಕ್ಟೋಬರ್‌ವರೆಗೆ ಕಾಯಬಹುದಿತ್ತು. ಈ ಮೂರನೇ ಗುಂಪನ್ನು ಮ್ಯಾನೇಜರ್ ಬಾಯಿಂದಲೇ ಒಪ್ಪಿಸಿಕೊಳ್ಳಿ. ಕಾಯಬಹುದು ಅಂತ ನಿಮಗೆ ಅನ್ನಿಸಿದ್ದು ಅವರಿಗೂ ಅನ್ನಿಸಬೇಕಲ್ಲ.

ಒಂದು ಕೆಲಸಕ್ಕೆ ಒಂದೇ ಹೆಸರು. "ತಂಡದವರು ನೋಡಿಕೊಳ್ಳುತ್ತಾರೆ" ಅಂತ ಬರೆದರೆ ಯಾರೂ ನೋಡಿಕೊಳ್ಳುವುದಿಲ್ಲ. ಪ್ರತಿ ಕೆಲಸಕ್ಕೆ ಒಬ್ಬ ಬ್ಯಾಕಪ್, ಅವರೂ ಇಲ್ಲದ ದಿನಕ್ಕೆ ಇನ್ನೊಬ್ಬರು. ಮ್ಯಾನೇಜರ್ ಒಪ್ಪಿದ ಮೇಲೆ ನೀವೇ ಹೋಗಿ ಅವರ ಹತ್ತಿರ ಮಾತಾಡಿ. ಅವರ ರಜೆಯನ್ನೂ ಕೇಳಿ. ಮಗು ಸೆಪ್ಟೆಂಬರ್ 30ಕ್ಕೆ ಹುಟ್ಟಿದರೆ ಹತ್ತು ದಿನ ಮುಗಿಯುವುದು ಅಕ್ಟೋಬರ್ 13ಕ್ಕೆ. ಅಂದರೆ ಬ್ಯಾಕಪ್ ಆಗಸ್ಟ್ 26ರಿಂದ ಅಕ್ಟೋಬರ್ 13ರವರೆಗೆ ಊರಲ್ಲಿ ಇರಬೇಕು. ಡ್ಯೂ ಡೇಟ್ ಹೇಳಿ ಒಪ್ಪಿಸಿಕೊಂಡರೆ, ಅವರು ಸೆಪ್ಟೆಂಬರ್ ಮೊದಲ ವಾರಕ್ಕೆ ಟಿಕೆಟ್ ಬುಕ್ ಮಾಡಿಕೊಂಡಿರುತ್ತಾರೆ.

ಲಾಗಿನ್ ಮತ್ತು ಅನುಮತಿ ಮೊದಲೇ ಮಾಡಿಸಿ. ಬ್ಯಾಕಪ್‌ಗೆ ಕೆಲಸ ಗೊತ್ತಿದ್ದರೂ ಸಿಸ್ಟಂ ಬಿಡದಿದ್ದರೆ ಪ್ರಯೋಜನವಿಲ್ಲ. ಪಾವತಿಗೆ ಸಹಿ ಹಾಕುವ ಅಧಿಕಾರ, ಹಂಚಿಕೊಂಡ ಫೋಲ್ಡರ್, ವೆಂಡರ್‌ಗಳ ಮೇಲ್ ಬರುವ ಇನ್‌ಬಾಕ್ಸ್, ಇವಕ್ಕೆಲ್ಲ ಅರ್ಜಿ ಹಾಕಿ ಅನುಮತಿ ಬರಲು ವಾರಗಳೇ ಹಿಡಿಯಬಹುದು. ನಿಮ್ಮ ಪಾಸ್‌ವರ್ಡ್ ಕೊಟ್ಟುಬಿಡುವ ಅಡ್ಡದಾರಿ ಬೇಡ. ನೀವು ಆಸ್ಪತ್ರೆಯಲ್ಲಿ ಇರುವಾಗ ನಿಮ್ಮ ಹೆಸರಿನಲ್ಲಿ ಪಾವತಿ ಹೋಗಿದ್ದರೆ ಅದಕ್ಕೆ ಉತ್ತರ ಕೊಡಬೇಕಾದವರು ನೀವೇ.

ಒಮ್ಮೆ ಮಾಡಿಸಿ ನೋಡಿ. ಜನ ಬಿಟ್ಟುಬಿಡುವ ಹೆಜ್ಜೆ ಇದು. ನಮ್ಮ ಉದಾಹರಣೆಯಲ್ಲಿ ಜುಲೈ ಕ್ಲೋಸಿಂಗ್ ಜುಲೈ 29ರಿಂದ 31, ಆಮೇಲೆ ಆಗಸ್ಟ್ 3ರಿಂದ 7. ಇದನ್ನು ಬ್ಯಾಕಪ್ ಮಾಡಬೇಕು, ಇವರು ಪಕ್ಕದಲ್ಲಿ ಕೂತು ನೋಡಬೇಕು. ಇದು ತಪ್ಪಿದರೆ ಮುಂದಿನ ಕ್ಲೋಸಿಂಗ್ ಬರುವ ಹೊತ್ತಿಗೆ ಹೆರಿಗೆಯ ಅವಧಿ ಶುರುವಾಗಿರುತ್ತದೆ. ಗುರುವಾರದ ಪಾವತಿಗೆ ಸ್ವಲ್ಪ ಸಲೀಸು: ಆಗಸ್ಟ್ 6ಕ್ಕೆ ಜೊತೆಯಲ್ಲಿ, 13ಕ್ಕೆ ಬ್ಯಾಕಪ್ ಮಾಡಿ ಇವರು ತಾಳೆ ನೋಡುವುದು, 20ಕ್ಕೆ ಬ್ಯಾಕಪ್ ಒಬ್ಬರೇ.

ಬ್ಯಾಕಪ್ ತಯಾರಿಲ್ಲ ಅನ್ನುವುದು ಹೇಗೆ ಗೊತ್ತಾಗುತ್ತದೆ? ನೀವು ವಿವರಿಸುವಾಗ "ಗೊತ್ತಾಯ್ತು, ಗೊತ್ತಾಯ್ತು" ಅಂತಾರೆ, ಆದರೆ ಒಂದೂ ಪ್ರಶ್ನೆ ಕೇಳುವುದಿಲ್ಲ. ನಿಜವಾಗಿ ಕೈ ಹಾಕಿದವರಿಗೆ ಪ್ರಶ್ನೆ ಬಂದೇ ಬರುತ್ತದೆ. ಬಿಲ್ ಮೊತ್ತ ಆರ್ಡರ್‌ಗೆ ತಾಳೆಯಾಗದಿದ್ದರೆ ಏನು ಮಾಡಲಿ? ಸಹಿ ಹಾಕುವವರು ರಜೆಯಲ್ಲಿದ್ದರೆ ಯಾರ ಹತ್ತಿರ ಹೋಗಲಿ? ಅವರು ಕೇಳಿದ ಈ ಪ್ರಶ್ನೆಗಳನ್ನೇ ಉತ್ತರದೊಂದಿಗೆ ಬರೆದಿಡಿ. ಅದಕ್ಕಿಂತ ಒಳ್ಳೆಯ ಹ್ಯಾಂಡೋವರ್ ಟಿಪ್ಪಣಿ ನೀವೇ ಕೂತು ಬರೆದರೂ ಬರುವುದಿಲ್ಲ.

ಆಗಸ್ಟ್ 26ರ ನಂತರ ಇನ್ನೊಂದು ಅಭ್ಯಾಸ. ಪ್ರತಿ ಸಂಜೆ ಹೊರಡುವ ಮುಂಚೆ ಐದು ಸಾಲು ಬರೆಯಿರಿ: ಏನು ಮುಗಿಯಿತು, ಏನು ಅರ್ಧದಲ್ಲಿದೆ, ನಾಳೆ ಮೊದಲು ಮಾಡಬೇಕಾದ್ದು ಏನು. ಅದು ಹಂಚಿಕೊಂಡ ಫೋಲ್ಡರ್‌ನಲ್ಲಿ ಇರಲಿ. ರಾತ್ರಿ ಎರಡಕ್ಕೆ ಆಸ್ಪತ್ರೆಗೆ ಹೊರಟರೂ ಬೆಳಿಗ್ಗೆ ಯಾರೂ ನಿಮ್ಮನ್ನು ಹುಡುಕಬೇಕಿಲ್ಲ.

## ಹಂತ 5: ಯಾವಾಗ ಸಿಗುತ್ತೀರಿ, ಯಾವಾಗ ಸಿಗುವುದಿಲ್ಲ

"ಯಾವಾಗ ಬೇಕಾದ್ರೂ ಫೋನ್ ಮಾಡಿ" ಅನ್ನುವುದು ಒಳ್ಳೆಯತನದಂತೆ ಕಾಣುತ್ತದೆ. ಆದರೆ ಆ ಮಾತು ಕೊಟ್ಟವರು ಫೋನ್ ಎತ್ತದಿದ್ದಾಗ ಬೇಸರ ಜಾಸ್ತಿ, ಎತ್ತಿದಾಗ ಮನೆಯಲ್ಲಿ ಬೇಸರ ಜಾಸ್ತಿ. ಮಾತು ಕೊಡುವ ಮುಂಚೆ ಹೆಂಡತಿಯ ಜೊತೆ ಕೂತು ನಿರ್ಧರಿಸಿ. ಆ ಸಮಯ ಅವರದ್ದೂ ಹೌದು, ಅಲ್ವಾ?

ಮೊದಲು ನಿಯಮ ನೋಡಿ. ರಜೆಯಲ್ಲಿ ಸಂಪರ್ಕಕ್ಕೆ ಸಿಗಲೇಬೇಕು ಅಂತ ಎಲ್ಲ ಕಡೆ ಇರುವುದಿಲ್ಲ. ರಜೆಯಲ್ಲಿ ಕೆಲಸ ಮಾಡಲೇಬಾರದು ಅಂತ ಇರುವ ಕಡೆಯೂ ಉಂಟು. ಸಿಗುತ್ತೇನೆ ಅನ್ನುವುದಾದರೆ ನಾಲ್ಕು ವಿಷಯ ಬರೆದು ಕೊಡಿ.

1. ಯಾರು ಸಂಪರ್ಕಿಸಬಹುದು. ಒಬ್ಬರೇ. ಬ್ಯಾಕಪ್ ಅಥವಾ ಮ್ಯಾನೇಜರ್. ಉಳಿದವರ ಪ್ರಶ್ನೆ ಅವರ ಮೂಲಕವೇ ಬರಲಿ. ಅವುಗಳಲ್ಲಿ ಅರ್ಧ ಪ್ರಶ್ನೆಗಳು ಅವರ ಹತ್ತಿರವೇ ಮುಗಿಯುತ್ತವೆ.
2. ಯಾವ ದಾರಿಯಲ್ಲಿ. ಮೊದಲು ಮೆಸೇಜ್. ಕರೆ ಮಾಡುವುದು ತುರ್ತಿಗೆ ಮಾತ್ರ. ಆಫೀಸ್ ಈಮೇಲ್ ನೋಡುವುದಿಲ್ಲ ಅಂತ ಸ್ಪಷ್ಟವಾಗಿ ಬರೆಯಿರಿ.
3. ಯಾವಾಗ. ಹುಟ್ಟಿದ ದಿನ ಮತ್ತು ನಂತರದ ಮೂರು ದಿನ ಸಿಗುವುದಿಲ್ಲ. ಆಮೇಲೆ ಕೆಲಸದ ದಿನಗಳಲ್ಲಿ ಸಂಜೆ ಒಮ್ಮೆ ಮೆಸೇಜ್ ನೋಡುತ್ತೇನೆ, ಒಂದು ದಿನದೊಳಗೆ ಉತ್ತರ.
4. ತುರ್ತು ಅಂದರೆ ಏನು. ಉದಾಹರಣೆ ಕೊಟ್ಟೇ ಬರೆಯಿರಿ. ನಮ್ಮ ಉದ್ಯೋಗಿ ಹೀಗೆ ಬರೆದರು: "ತಪ್ಪು ಖಾತೆಗೆ ಹಣ ಹೋಗಿದ್ದರೆ, ಅಥವಾ ನಾನು ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲದ ಮಾಹಿತಿಯಿಲ್ಲದೆ ಕ್ಲೋಸಿಂಗ್ ನಿಂತಿದ್ದರೆ." ಹಳೇ ಬಿಲ್ ಎಲ್ಲಿದೆ ಅನ್ನುವುದು ತುರ್ತಲ್ಲ, ಅದಕ್ಕೆ ಟಿಪ್ಪಣಿ ಇದೆ.

ಇನ್ನೊಂದು ದಿಕ್ಕಿನ ಸಂಪರ್ಕವನ್ನೂ ಯೋಚಿಸಿ. ಹೆರಿಗೆ ಕೋಣೆಯಲ್ಲಿ ನಿಮ್ಮ ಫೋನ್ ಇಲ್ಲದಿರಬಹುದು, ಚಾರ್ಜ್ ಮುಗಿದಿರಬಹುದು. ಆಗ ಆಫೀಸಿಗೆ ತಿಳಿಸುವವರು ಯಾರು? ತಮ್ಮನೋ, ಅಕ್ಕನೋ, ಗೆಳೆಯನೋ, ಒಬ್ಬರನ್ನು ಒಪ್ಪಿಸಿ ಮ್ಯಾನೇಜರ್ ನಂಬರ್ ಕೊಟ್ಟಿಡಿ. ಅವರ ನಂಬರ್ ಮ್ಯಾನೇಜರ್‌ಗೂ ಕೊಡಿ. ಹೆಂಡತಿಯ ನಂಬರ್ ಮಾತ್ರ ಇದಕ್ಕೆ ಕೊಡಬೇಡಿ.

## ಹಂತ 6: ಈಗ ಈಮೇಲ್

ಮಾತು ಮುಗಿದು, ಬ್ಯಾಕಪ್ ಹೆಸರು ಗೊತ್ತಾದ ಮೇಲೆ ಬರೆಯಿರಿ. ನಮ್ಮ ಉದಾಹರಣೆಯಲ್ಲಿ ಜೂನ್ 24, ಡ್ಯೂ ಡೇಟಿಗೆ 12 ವಾರ ಮುಂಚೆ. ಮ್ಯಾನೇಜರ್‌ಗೆ ಕಳಿಸಿ, ಎಚ್‌ಆರ್‌ಗೆ ಪ್ರತಿ ಹಾಕಿ. ಹೀಗಿರಲಿ:

> ವಿಷಯ: ಪಿತೃತ್ವ ರಜೆ ಅರ್ಜಿ, ಅಂದಾಜು ಅವಧಿ ಆಗಸ್ಟ್ 26ರಿಂದ ಅಕ್ಟೋಬರ್ 13
>
> ಮೇಡಂ,
>
> ನಾವು ಮಾತಾಡಿದಂತೆ ಪಿತೃತ್ವ ರಜೆಗೆ ಈ ಅರ್ಜಿ.
>
> ದಿನಾಂಕ: ಡ್ಯೂ ಡೇಟ್ ಸೆಪ್ಟೆಂಬರ್ 16. ಮಗು ಹುಟ್ಟಿದ ದಿನದಿಂದ 10 ಕೆಲಸದ ದಿನ ರಜೆ ಬೇಕು. ಈ ದಿನ ಆಗಸ್ಟ್ 26 ಮತ್ತು ಸೆಪ್ಟೆಂಬರ್ 30ರ ನಡುವೆ ಬರುವ ನಿರೀಕ್ಷೆಯಿದೆ. ಅದಕ್ಕೂ ಮುಂಚೆ ಅಥವಾ ನಂತರ ಆದರೂ ಹುಟ್ಟಿದ ದಿನದಿಂದಲೇ ಲೆಕ್ಕ ಹಿಡಿಯಬೇಕೆಂದು ಕೋರುತ್ತೇನೆ. ಉಳಿದ 5 ದಿನಗಳ ತಾರೀಖನ್ನು ನಾನು ವಾಪಸ್ ಬಂದ ಮೊದಲ ವಾರದಲ್ಲಿ ತಿಳಿಸುತ್ತೇನೆ. ನಿಯಮದ ಗಡುವಿನೊಳಗೆ, ಕ್ಲೋಸಿಂಗ್ ಇಲ್ಲದ ವಾರದಲ್ಲಿ ತೆಗೆದುಕೊಳ್ಳುತ್ತೇನೆ.
>
> ಬದಲಿ ವ್ಯವಸ್ಥೆ: ಗುರುವಾರದ ಪಾವತಿ ಮತ್ತು ಕ್ಲೋಸಿಂಗ್ ಯಾರು ನೋಡಿಕೊಳ್ಳುತ್ತಾರೆ ಅನ್ನುವುದು ಹೆಸರು ಸಮೇತ ಜೊತೆಗಿರುವ ಶೀಟ್‌ನಲ್ಲಿದೆ. ಜುಲೈ ಕ್ಲೋಸಿಂಗ್ ಅನ್ನು ಬ್ಯಾಕಪ್ ನನ್ನ ಜೊತೆ ಮಾಡುತ್ತಾರೆ. ಹ್ಯಾಂಡೋವರ್ ಆಗಸ್ಟ್ 21ಕ್ಕೆ ಮುಗಿಯುತ್ತದೆ.
>
> ಸಂಪರ್ಕ: ಹುಟ್ಟಿದ ದಿನ ಮತ್ತು ನಂತರದ ಮೂರು ದಿನ ನಾನು ಸಿಗುವುದಿಲ್ಲ. ಆಮೇಲೆ ತುರ್ತಿಗೆ ಬ್ಯಾಕಪ್ ನನಗೆ ಮೆಸೇಜ್ ಮಾಡಬಹುದು. ತುರ್ತು ಯಾವುದು ಅನ್ನುವುದು ಶೀಟ್‌ನಲ್ಲಿದೆ. ಆಫೀಸ್ ಈಮೇಲ್ ನೋಡುವುದಿಲ್ಲ.
>
> ತಾಯಿ ಅಥವಾ ಮಗು ಆಸ್ಪತ್ರೆಯಲ್ಲಿ ಹೆಚ್ಚು ದಿನ ಇರಬೇಕಾಗಿ ಬಂದರೆ ಉಳಿದ 5 ದಿನಗಳನ್ನು ಮುಂದುವರಿಸಿ ತೆಗೆದುಕೊಳ್ಳಬೇಕಾಗಬಹುದು. ಹಾಗಾದರೆ ಆಗಲೇ ತಿಳಿಸುತ್ತೇನೆ.
>
> ಜುಲೈ 3ರ ಒಳಗೆ ಒಪ್ಪಿಗೆ ತಿಳಿಸಿದರೆ ಬ್ಯಾಕಪ್‌ಗೆ ಬೇಕಾದ ಲಾಗಿನ್ ಅನುಮತಿಗಳಿಗೆ ಅರ್ಜಿ ಹಾಕುತ್ತೇನೆ.

ಕೊನೆಯ ವಾಕ್ಯಕ್ಕೆ ಒಂದು ಕೆಲಸವಿದೆ. "ದಯವಿಟ್ಟು ಬೇಗ ಒಪ್ಪಿಗೆ ಕೊಡಿ" ಅಂದರೆ ಮೇಲ್ ಕೆಳಗೆ ಇಳಿಯುತ್ತದೆ. ಉತ್ತರ ತಡವಾದರೆ ಯಾವ ಕೆಲಸ ನಿಲ್ಲುತ್ತದೆ ಅಂತ ಗೊತ್ತಾದರೆ ಉತ್ತರ ಬರುತ್ತದೆ.

## ಹಂತ 7: ಒಪ್ಪಿಗೆ ನಿಜಕ್ಕೂ ಆಗಿದೆಯೇ ನೋಡಿ

"ಓಕೆ, ಶುಭಾಶಯ" ಅನ್ನುವ ಉತ್ತರ ಸಂತೋಷ ಕೊಡುತ್ತದೆ, ಆದರೆ ಅದು ಮಂಜೂರಾತಿ ಅಲ್ಲದಿರಬಹುದು. ರಜೆ ಸಿಸ್ಟಂನಲ್ಲಿ ಹಾಕಬೇಕಾದ ಕಡೆ ಹಾಕಿ. ಹೆಚ್ಚಿನ ಸಿಸ್ಟಂಗಳು ನಿಗದಿತ ದಿನಾಂಕ ಕೇಳುತ್ತವೆ. ಆಗ ಡ್ಯೂ ಡೇಟ್ ಹಾಕಿ, ಟಿಪ್ಪಣಿ ಜಾಗದಲ್ಲಿ "ನಿಜವಾದ ದಿನಾಂಕ ಮಗು ಹುಟ್ಟಿದ ಮೇಲೆ ತಿದ್ದಲಾಗುವುದು" ಅಂತ ಬರೆಯಿರಿ. ತಿದ್ದುವುದು ನೀವೋ ಎಚ್‌ಆರ್ ಅವರೋ ಅಂತ ಕೇಳಿಕೊಳ್ಳಿ. ಇದನ್ನು ಬಿಟ್ಟವರಿಗೆ ಬೇಗ ಹೆರಿಗೆಯಾದಾಗ ಆ ದಿನಗಳು ಗೈರುಹಾಜರಿ ಅಂತ ಬಿದ್ದು ಸಂಬಳ ಕಟ್ ಆಗುವುದುಂಟು.

ಗಮನಿಸಬೇಕಾದ ಸೂಚನೆಗಳು: ಬ್ಯಾಕಪ್ ಹೆಸರು ಬದಲಾಗುತ್ತಲೇ ಇದೆ. ನಿಮ್ಮ ಅವಧಿಯಲ್ಲಿ ಹೊಸ ಕೆಲಸದ ಗಡುವು ನಿಮ್ಮ ಹೆಸರಿಗೆ ಬೀಳುತ್ತಿದೆ. ಎರಡು ಸಲ ನೆನಪಿಸಿದರೂ ಬರವಣಿಗೆಯಲ್ಲಿ ಉತ್ತರವಿಲ್ಲ. ಇವುಗಳಲ್ಲಿ ಯಾವುದಾದರೂ ಕಂಡರೆ ಸುಮ್ನೆ ಕಾಯಬೇಡಿ. ಹಳೇ ಮೇಲ್‌ಗೇ ಉತ್ತರವಾಗಿ ಎರಡು ಸಾಲು ಹಾಕಿ, ಎಚ್‌ಆರ್ ಪ್ರತಿಯಲ್ಲಿ ಇರಲಿ. ಕೋಪದ ಧ್ವನಿ ಬೇಡ, ತಾರೀಖು ಸಾಕು.

## ಹಂತ 8: ಆ ದಿನದ ಮೆಸೇಜ್, ವಾಪಸ್ ಬಂದ ದಿನ

ಎರಡು ಮೆಸೇಜ್ ಮುಂಚೆಯೇ ಬರೆದು ಫೋನಿನಲ್ಲಿ ಇಟ್ಟುಕೊಳ್ಳಿ. ಆಸ್ಪತ್ರೆಗೆ ಹೊರಡುವಾಗ: "ಆಸ್ಪತ್ರೆಗೆ ಹೋಗುತ್ತಿದ್ದೇವೆ. ಇಂದಿನಿಂದ ಬ್ಯಾಕಪ್ ವ್ಯವಸ್ಥೆ ಶುರು ಮಾಡಿ. ಇವತ್ತಿನ ಟಿಪ್ಪಣಿ ಫೋಲ್ಡರ್‌ನಲ್ಲಿದೆ." ಹುಟ್ಟಿದ ಮೇಲೆ: "ಮಗು ಹುಟ್ಟಿದೆ, ಇಬ್ಬರೂ ಚೆನ್ನಾಗಿದ್ದಾರೆ. ರಜೆ ಇವತ್ತಿನಿಂದ, ವಾಪಸ್ ಬರುವುದು ಇಂಥ ದಿನ." ಮೊದಲ ಮೆಸೇಜ್ ಹಾಕಿದ ಮೇಲೆ ಸುಳ್ಳು ನೋವು ಅಂತ ಆಸ್ಪತ್ರೆಯವರು ಮನೆಗೆ ಕಳಿಸಿದರೂ ತೊಂದರೆಯಿಲ್ಲ, ಮಾರನೇ ದಿನ ಆಫೀಸಿಗೆ ಹೋಗಿ. ಮ್ಯಾನೇಜರ್‌ಗೆ ಮತ್ತು ಬ್ಯಾಕಪ್‌ಗೆ ಮಾತ್ರ ಕಳಿಸಿ. ತಂಡದ ಗುಂಪಿಗೆ ಹಾಕಿದರೆ ಅಭಿನಂದನೆಗಳ ಮಧ್ಯೆ ಕೆಲಸದ ಪ್ರಶ್ನೆಗಳೂ ಬರುತ್ತವೆ.

ವಾಪಸ್ ಬಂದ ದಿನ ಮೊದಲ ಒಂದು ಗಂಟೆ ಬ್ಯಾಕಪ್ ಜೊತೆ ಕೂರಿ, ಈಮೇಲ್ ಆಮೇಲೆ ತೆರೆಯಿರಿ. ಅರ್ಧದಲ್ಲಿ ಇರುವುದನ್ನು ಒಂದೊಂದಾಗಿ ಕೈಗೆ ತೆಗೆದುಕೊಳ್ಳಿ. ಪಾವತಿಯ ಮಧ್ಯದಲ್ಲಿ ಬಂದಿದ್ದರೆ ಆ ಗುರುವಾರ ಅವರೇ ಮುಗಿಸಲಿ. ಎಚ್‌ಆರ್ ಕೇಳಿದ ಜನನ ದಾಖಲೆ ಆ ವಾರವೇ ಕೊಡಿ, ರಜೆಯ ತಾರೀಖು ಸಿಸ್ಟಂನಲ್ಲಿ ಸರಿಯಾಗಿದೆಯೇ ನೋಡಿ. ಉಳಿದ 5 ದಿನಗಳ ಮೇಲ್ ಕೂಡ ಆ ವಾರವೇ ಹೋಗಲಿ, ಮತ್ತೆ ಅದೇ ರೀತಿ: ತಾರೀಖು, ಬ್ಯಾಕಪ್, ಸಂಪರ್ಕ. ಈ ಸಲ ತಾರೀಖು ನಿಮ್ಮ ಕೈಯಲ್ಲಿದೆ, ಹಾಗಾಗಿ ಮೇಲ್ ನಾಲ್ಕೇ ಸಾಲಿನಲ್ಲಿ ಮುಗಿಯುತ್ತದೆ.